ಪೆಟ್ಟಿಗೆ ಮೇಲಿನ ನಂಬರ್ ನೋಡಿ ರೌಟರ್ ಹೇಳಿದ ದಿನ

ಮಧ್ಯಾಹ್ನ 2.35ಕ್ಕೆ ಫೋನ್ ಬಂತು. ಹಿಂದಿನ ದಿನ ನಾನೇ ಹೊಸ ರೌಟರ್ ಹೊಂದಿಸಿ ಟಿಕೆಟ್ ಕ್ಲೋಸ್ ಮಾಡಿದ್ದ ಮೂರು ಅಂತಸ್ತಿನ ಮನೆ. ಮೇಲಿನ ರೂಮಲ್ಲಿ ವೈಫೈ ಬರುತ್ತಿಲ್ಲ, ಮಗಳಿಗೆ 3 ಗಂಟೆಗೆ ವಿಡಿಯೋದಲ್ಲಿ ಇಂಟರ್‌ವ್ಯೂ ಇದೆ ಅಂದರು ಯಜಮಾನರು. ಪಕ್ಕದ ರಸ್ತೆಯಲ್ಲೇ ಇದ್ದೆ. ಐದು ನಿಮಿಷದಲ್ಲಿ ಹೋದೆ.

"ಅಣ್ಣಾ, ಎರಡು ಕಡ್ಡಿ ತೋರಿಸ್ತಿದೆ, ಆದ್ರೆ ಏನೂ ಓಪನ್ ಆಗ್ತಿಲ್ಲ" ಅಂದಳು ಆ ಹುಡುಗಿ. ನಾನು ಕೆಳಗಿಳಿದು ರೌಟರ್ ರೀಸ್ಟಾರ್ಟ್ ಮಾಡಿದೆ. ಅದರಲ್ಲೇ ನಾಲ್ಕು ನಿಮಿಷ ಹೋಯಿತು. ಮತ್ತೆ ಮೇಲೆ ಹೋಗಿ ನೋಡಿದರೆ ಹಾಗೇ ಇತ್ತು. ಫೋನಲ್ಲಿ ಅಳೆದೆ: 5 ಗಿಗಾಹರ್ಟ್ಸ್‌ನಲ್ಲಿ ಮೈನಸ್ 79 ಡಿಬಿಎಂ. ಈ ನಂಬರ್ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು; ವಿಡಿಯೋ ಕಾಲ್ ಸರಾಗವಾಗಿ ನಡೆಯಬೇಕಾದರೆ ಮೈನಸ್ 67ರ ಆಸುಪಾಸು ಇರಬೇಕು. ರೌಟರ್‌ನ ಪವರ್ ಜಾಸ್ತಿ ಮಾಡೋಣ ಅಂತ ಸೆಟ್ಟಿಂಗ್ ತೆಗೆದೆ. ಅದಾಗಲೇ ಪೂರ್ತಿ ಮೇಲಿತ್ತು.

ಅಲ್ಲಿ ನಿಂತಾಗಲೇ ನನ್ನ ತಪ್ಪು ಹೊಳೆದದ್ದು. ಯಾವ ರೌಟರ್ ತರಲಿ ಅಂತ ಅವರು ಕೇಳಿದಾಗ, ನಾನು ಮನೆಯೊಳಗೆ ಹೋಗಿಯೂ ನೋಡದೆ "ದೊಡ್ಡದೇ ತನ್ನಿ, ಎಎಕ್ಸ್ 5400" ಅಂದಿದ್ದೆ. ಆ 5400 ಬರೋದು ಎರಡು ಬ್ಯಾಂಡಿನ ಎಂಬಿಪಿಎಸ್ ಕೂಡಿಸಿ, ರೌಂಡ್ ಮಾಡಿ: 2.4 ಗಿಗಾಹರ್ಟ್ಸ್‌ನ 574, 5 ಗಿಗಾಹರ್ಟ್ಸ್‌ನ 4804. ಒಂದು ಫೋನ್ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಬ್ಯಾಂಡ್ ಹಿಡಿಯುತ್ತದೆ. ಅದರಲ್ಲೂ ಹೆಚ್ಚಿನ ಫೋನ್‌ಗಳಲ್ಲಿ ಎರಡೇ ಆಂಟೆನಾ, ಹಾಗಾಗಿ 4804 ಅದಕ್ಕೆ ಸಿಗುವುದೇ ಇಲ್ಲ. ಅವರ ಪ್ಲಾನ್ ಇದ್ದದ್ದು 300 ಎಂಬಿಪಿಎಸ್. ಅದಕ್ಕೆ ಆ ಪೆಟ್ಟಿಗೆಯ ಅರ್ಧ ನಂಬರ್ ಕೂಡ ಬೇಕಿರಲಿಲ್ಲ.

ಇನ್ನು ದೂರದ ವಿಷಯ. ರೌಟರ್ ಎಷ್ಟೇ ಜೋರಾಗಿ ಕೂಗಿದರೂ ಫೋನ್ ವಾಪಸ್ ಉತ್ತರ ಕೊಡಬೇಕಲ್ವಾ? ಫೋನಿನ ದನಿ ಚಿಕ್ಕದು. ಕಡ್ಡಿ ತೋರಿಸುವುದು ರೌಟರ್‌ನಿಂದ ಬರುವ ಸಿಗ್ನಲ್ ಮಾತ್ರ. ಮಧ್ಯೆ ಕಬ್ಬಿಣದ ಸರಳು ಹಾಕಿದ ಎರಡು ಕಾಂಕ್ರೀಟ್ ಸ್ಲ್ಯಾಬ್ ಇದ್ದವು. 5 ಗಿಗಾಹರ್ಟ್ಸ್ ಅವನ್ನು ದಾಟಿ ಬರುವಷ್ಟರಲ್ಲಿ ಸೋತುಹೋಗಿರುತ್ತದೆ. 2.4ಕ್ಕೆ ಹಾಕಿ ನೋಡಿದೆ. ಹಿಡಿಯಿತು, ಆದರೆ ಸುತ್ತಲಿನ ಮನೆಗಳ ವೈಫೈ ಎಲ್ಲ ಅದೇ ಚಾನೆಲ್‌ಗಳಲ್ಲಿ ತುಂಬಿತ್ತು. ವಿಡಿಯೋ ನಿಂತು ನಿಂತು ಬಂತು.

2.51. ಬ್ಯಾಗಲ್ಲಿ ಕ್ರಿಂಪ್ ಮಾಡಿದ ಉದ್ದದ ಕ್ಯಾಟ್5ಇ ಕೇಬಲ್ ಇತ್ತು. ಒಂದು ತುದಿಯನ್ನು ರೌಟರ್‌ನ ಲ್ಯಾನ್ ಪೋರ್ಟ್‌ಗೆ ಹಾಕಿ, ಮೆಟ್ಟಿಲ ಸಂದಿಯಲ್ಲಿ ಮೇಲೆ ಎಳೆದು, ಇನ್ನೊಂದು ತುದಿಯನ್ನು ಅವಳ ಲ್ಯಾಪ್‌ಟಾಪ್‌ಗೆ ಚುಚ್ಚಿದೆ. 2.57ಕ್ಕೆ ಕನೆಕ್ಟ್ ಆಯಿತು. ನಾನು ಬಾಗಿಲು ಹಾಕಿ ಹೊರಗೆ ಮೆಟ್ಟಿಲ ಮೇಲೆ ಕೂತೆ. ಇಂಟರ್‌ವ್ಯೂ ಮುಗಿಯುವವರೆಗೆ ಏಳಲಿಲ್ಲ.

ಮರುದಿನ ಹೋಗಿ ಸರಿ ಮಾಡಿದೆ. ಅವರು ಮೆಶ್ ಹಾಕೋಣ್ವಾ ಅಂದರು, ಅಂದರೆ ಒಂದಕ್ಕೊಂದು ವೈಫೈನಲ್ಲೇ ಸೇರುವ ಎರಡು ಮೂರು ಪೆಟ್ಟಿಗೆ. ಹಾಕಬಹುದು, ಆದರೆ ಸ್ಯಾಟಲೈಟ್ ಅನ್ನುವ ಎರಡನೇ ಪೆಟ್ಟಿಗೆಯನ್ನು ಸಿಗ್ನಲ್ ಸತ್ತ ರೂಮಲ್ಲಿ ಇಟ್ಟರೆ ಅದಕ್ಕೂ ಸತ್ತ ಸಿಗ್ನಲ್ಲೇ ಸಿಗುತ್ತದೆ. ಇನ್ನೂ ಚೆನ್ನಾಗಿ ಬರುವ ಜಾಗದಲ್ಲಿ, ಅಂದರೆ ಮಧ್ಯದ ಅಂತಸ್ತಿನಲ್ಲಿ ಇಡಬೇಕು. ಎರಡೇ ಬ್ಯಾಂಡಿನ ಮೆಶ್ ಒಂದೇ ರೇಡಿಯೋದಲ್ಲಿ ಕೆಳಗಿಂದ ತೆಗೆದುಕೊಂಡು ಮೇಲಕ್ಕೂ ಕೊಡಬೇಕಾದಾಗ ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೆಟ್ಟಿಲ ಸಂದಿಯಲ್ಲಿ ಕೇಬಲ್ ಎಳೆಯುವ ದಾರಿ ಇದ್ದ ಮನೆ ಅದು. ಹಾಗಾಗಿ ಅವರ ಹಳೆಯ ರೌಟರನ್ನೇ ಮೇಲಿಟ್ಟು, ಅಡ್ರೆಸ್ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಅದರ ಐಪಿ ಬದಲಿಸಿ, ಕೇಬಲ್ಲನ್ನು ಅದರ ಲ್ಯಾನ್ ಪೋರ್ಟ್‌ಗೇ ಹಾಕಿ, ವೈಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಮಾಡಿದೆ.

ಸ್ಪೀಡ್ ಟೆಸ್ಟ್ ಮಾಡಿದರೆ 94 ಎಂಬಿಪಿಎಸ್. ಎಷ್ಟು ಸಲ ಮಾಡಿದರೂ 94. ಈ ನಂಬರ್ ಬಂತು ಅಂದರೆ ವೈಫೈ ಬಿಟ್ಟು ಕೇಬಲ್ ನೋಡಬೇಕು. ಲಿಂಕ್ 100ರಲ್ಲೇ ನಿಂತಿರುತ್ತದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು. ಒಂದು ಜೋಡಿ ಸರಿಯಾಗಿ ಕೂತಿರಲಿಲ್ಲ. ಮತ್ತೆ ಕ್ರಿಂಪ್ ಮಾಡಿದೆ, 280 ಬಂತು. ಹಳೆಯ ರೌಟರ್‌ನ ಪೋರ್ಟೇ 100ರದ್ದಾಗಿದ್ದರೆ ಅದನ್ನೇ ಬದಲಿಸಬೇಕಿತ್ತು.

ಹೊಸ ರೌಟರ್ ತರುವ ಮುಂಚೆ ಇನ್ನೊಂದು ವಿಷಯ ಕೇಳಿಕೊಳ್ಳಿ. ಅಂಗಡಿಯಿಂದ ತಂದ ಸಾಮಾನ್ಯ ರೌಟರ್‌ಗೆ ಫೈಬರ್ ನೇರ ಹೋಗುವುದಿಲ್ಲ. ಫೈಬರ್ ಸಿಗ್ನಲ್ಲನ್ನು ಕೇಬಲ್ಲಿಗೆ ಬದಲಿಸುವ ಓಎನ್‌ಟಿ ಪೆಟ್ಟಿಗೆ ಇದ್ದೇ ಇರಬೇಕು, ಅದನ್ನು ಸಿಗ್ನಲ್ ದಾಟಿಸುವುದಷ್ಟೇ ಮಾಡುವ ಬ್ರಿಡ್ಜ್ ಮೋಡ್‌ಗೆ ಹಾಕಿಕೊಡುತ್ತಾರಾ, ಲಾಗಿನ್ ಆಗಲು ಪಿಪಿಪಿಒಇ ಐಡಿ ಮತ್ತು ಅವರ ಲೈನಿನ ವಿಲ್ಯಾನ್ ನಂಬರ್ ಕೊಡುತ್ತಾರಾ ಅಂತ ಪ್ರೊವೈಡರ್ ಬಳಿ ಮೊದಲೇ ಕೇಳಬೇಕು. ಆ ಮನೆಯಲ್ಲಿ ಮೊದಲ ದಿನ ವಿಲ್ಯಾನ್ ಹೊಂದಿಸುವುದರಲ್ಲೇ ಒಂದು ಗಂಟೆ ಕಳೆದಿತ್ತು. ಆಮೇಲೆ ಸುಸ್ತಾಗಿ, ರೌಟರ್ ಪಕ್ಕದಲ್ಲೇ ಸ್ಪೀಡ್ ಟೆಸ್ಟ್ ಮಾಡಿ, ಫೋಟೋ ಹಾಕಿ ಹೊರಟುಬಿಟ್ಟಿದ್ದೆ.

ನಮ್ಮ ಆಪ್ ಕೇಳುವುದೂ ಅಷ್ಟೇ, ರೌಟರ್ ಪಕ್ಕದ ಒಂದೇ ಟೆಸ್ಟ್. ಮೇಲಿನ ಅಂತಸ್ತಿಗೆ ಒಂದು ಕಾಲಂ ಕೊಡಿ ಅಂತ ಮ್ಯಾನೇಜರ್‌ಗೆ ಎರಡು ಸಲ ಹೇಳಿದೆ. ದಿನಕ್ಕೆ ಎಷ್ಟು ಟಿಕೆಟ್ ಅನ್ನುವ ಲೆಕ್ಕದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಸದ್ಯಕ್ಕೆ ಪ್ರತಿ ಅಂತಸ್ತಿನ ಡಿಬಿಎಂ ಅಳೆದು ರಿಮಾರ್ಕ್ಸ್‌ನಲ್ಲಿ ಬರೆಯುತ್ತಿದ್ದೇನೆ.