ತಾರಸಿಯ ಬಟಾಣಿ ಲೆಕ್ಕ: ಮೂರನೇ ಚಳಿಗಾಲ

ಮೊದಲಿನಿಂದ ಓದದವರಿಗೆ: ದಾವಣಗೆರೆಯ ನಮ್ಮ ಮನೆ ತಾರಸಿಯಲ್ಲಿ ಕುಂಡಗಳಲ್ಲಿ ಬಟಾಣಿ ಬೆಳೆದು, ಗುಂಡು ಕಾಳಿಗೂ ಸುಕ್ಕು ಕಾಳಿಗೂ ಅಡ್ಡತಳಿ ಮಾಡುತ್ತಿದ್ದೇನೆ. ಗುಂಡು ಕಾಳು ಕಿರಾಣಿ ಅಂಗಡಿಯ ಹಸಿರು ಒಣ ಬಟಾಣಿ. ಸುಕ್ಕು ಕಾಳು ಬೀಜದಂಗಡಿಯ ಅರ್ಕೆಲ್ ತಳಿ. ಇಲ್ಲಿ ಫೆಬ್ರವರಿ ದಾಟಿದರೆ ಬಿಸಿಲಿಗೆ ಹೂ ಉದುರುತ್ತದೆ, ಹಾಗಾಗಿ ವರ್ಷಕ್ಕೆ ಒಂದೇ ತಲೆಮಾರು.

ಮೊದಲ ಚಳಿಗಾಲ

ತಾಯಿ ಗಿಡ ಯಾವುದಾಗಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ನಾನು ಸುಕ್ಕು ಗಿಡವನ್ನು ತಾಯಿ ಮಾಡಿದೆ. ಬಟಾಣಿ ಹೂ ಅರಳುವ ಮೊದಲೇ ಒಳಗೊಳಗೇ ತನ್ನ ಪರಾಗವನ್ನು ತಾನೇ ಹಾಕಿಕೊಂಡುಬಿಡುತ್ತದೆ. ಅದಕ್ಕೆ ಮೊಗ್ಗು ಇನ್ನೂ ಬಿಗಿಯಾಗಿದ್ದಾಗಲೇ ದೋಣಿಯಂಥ ಎಸಳನ್ನು ಸೀಳಿ, ಒಳಗಿನ ಹತ್ತೂ ಕೇಸರಗಳನ್ನು ಚಿಮಟದಿಂದ ಕಿತ್ತು, ಗುಂಡು ಗಿಡದ ಪರಾಗವನ್ನು ಸವರಬೇಕು. ಹನ್ನೊಂದು ಹೂಗಳಲ್ಲಿ ಕಾಯಿ ಕಟ್ಟಿದ್ದು ನಾಲ್ಕು. ಗುರುತಿಗೆ ಕೆಂಪು ದಾರ ಕಟ್ಟಿದ್ದೆ. ಅಮ್ಮ ಅದು ದೃಷ್ಟಿಗೆ ಕಟ್ಟಿದ್ದು ಅಂದುಕೊಂಡು ಆ ಕಾಯಿಗಳ ತಂಟೆಗೆ ಹೋಗಲಿಲ್ಲ, ಉಳಿದವು ಉಪ್ಪಿಟ್ಟಿಗೆ ಹೋದವು!

ಕಾಯಿ ಒಣಗಿದ ಮೇಲೆ ಬಿಡಿಸಿದರೆ ಮೂರರಲ್ಲಿ ಒಟ್ಟು 14 ಗುಂಡು ಕಾಳು. ನಾಲ್ಕನೆಯದರಲ್ಲಿ ನಾಲ್ಕೂ ಸುಕ್ಕು. ಅಂದರೆ ಆ ಹೂವಿನಲ್ಲಿ ನಾನು ಕೇಸರ ಕೀಳುವಷ್ಟರಲ್ಲೇ ಪರಾಗ ಬಿದ್ದಿತ್ತು. ಗುಂಡು ಗಿಡ ತಾಯಿಯಾಗಿದ್ದರೆ ಈ ತಪ್ಪು ಗೊತ್ತೇ ಆಗುತ್ತಿರಲಿಲ್ಲ, ಎರಡೂ ರೀತಿ ಗುಂಡೇ ಬರುತ್ತಿತ್ತಲ್ವಾ?

ಸುಕ್ಕು ಯಾಕೆ ಮಾಯವಾಯಿತು ಅಂದರೆ, R ಅನ್ನುವ ಜೀನ್ ಪಿಷ್ಟ ಕಟ್ಟುವ ಒಂದು ಕಿಣ್ವ ಮಾಡುತ್ತದೆ. r ಅದರ ಕೆಟ್ಟ ಪ್ರತಿ. ಎರಡೂ ಪ್ರತಿ ಕೆಟ್ಟಿದ್ದರೆ ಪಿಷ್ಟ ಕಡಿಮೆ, ಸಕ್ಕರೆ ಜಾಸ್ತಿ. ಸಕ್ಕರೆ ನೀರನ್ನು ಎಳೆದುಕೊಂಡು ಕಾಳು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಸುಕ್ಕಾಗುತ್ತದೆ. ಒಂದು ಒಳ್ಳೆ ಪ್ರತಿ ಇದ್ದರೂ ಕಾಳು ಗುಂಡಗಾಗುವಷ್ಟು ಕೆಲಸ ಆಗುತ್ತದೆ. ಗುಂಡು ಪ್ರಬಲ, ಸುಕ್ಕು ದುರ್ಬಲ ಅನ್ನುವುದು ಇಷ್ಟೇ. r ಎಲ್ಲೂ ಹೋಗಿರುವುದಿಲ್ಲ, Rr ಕಾಳಿನೊಳಗೆ ಸುಮ್ನೆ ಕೂತಿರುತ್ತದೆ.

ಎರಡನೇ ಚಳಿಗಾಲ

ಆ 14ರಲ್ಲಿ ಒಂಬತ್ತು ಗಿಡ ಬದುಕಿದವು. ಈ ಸಲ ಹೂ ಮುಟ್ಟಲಿಲ್ಲ, ತಮ್ಮಷ್ಟಕ್ಕೆ ಬಿಟ್ಟೆ. ಚೌಕ ಬರೆದದ್ದು ಹೀಗೆ. ಮೇಲೆ ಪರಾಗದಿಂದ ಬರುವುದು, ಎಡಕ್ಕೆ ಅಂಡದಿಂದ ಬರುವುದು:

```
      R    r
R    RR   Rr
r    Rr   rr
```

ನಾಲ್ಕು ಮನೆಗಳಲ್ಲಿ ಮೂರರಲ್ಲಿ R ಇದೆ, ಅಂದರೆ ಮೂರು ಗುಂಡು, ಒಂದು ಸುಕ್ಕು.

ಜನವರಿಯಲ್ಲಿ ಆತುರಕ್ಕೆ ಒಂದು ಹಸಿ ಕಾಯಿ ಬಿಡಿಸಿ ನೋಡಿದೆ. ಎಲ್ಲಾ ಗುಂಡು! ಲೆಕ್ಕ ತಪ್ಪಿತು ಅಂತ ಒಂದು ದಿನ ತಲೆ ಕೆಡಿಸಿಕೊಂಡೆ. ಹಸಿ ಇದ್ದಾಗ ಸುಕ್ಕು ಜಾತಿಯೂ ಗುಂಡಗೇ ಇರುತ್ತದೆ, ಒಣಗಿದ ಮೇಲೇ ಎಣಿಸಬೇಕು. ಇನ್ನೊಂದು ಮಾತು: ಕಾಯಿ ತಾಯಿ ಗಿಡದ್ದು, ಆದರೆ ಒಳಗಿನ ಕಾಳು ಮುಂದಿನ ತಲೆಮಾರು. ಅದಕ್ಕೇ ಒಂದೇ ಕಾಯಿಯಲ್ಲಿ ಗುಂಡು, ಸುಕ್ಕು ಎರಡೂ ಪಕ್ಕಪಕ್ಕ ಕೂತಿರುತ್ತವೆ. ಮೊದಲ ಸಲ ನೋಡಿದಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಒಟ್ಟು 173 ಒಣ ಕಾಳು: 128 ಗುಂಡು, 45 ಸುಕ್ಕು. ಒಂದು ಸುಕ್ಕಿಗೆ 2.84 ಗುಂಡು. ಮೆಂಡೆಲ್ 1866ರಲ್ಲಿ ಅಚ್ಚಾದ ಲೇಖನದಲ್ಲಿ ಕೊಟ್ಟ ಲೆಕ್ಕ 5,474 ಗುಂಡು, 1,850 ಸುಕ್ಕು, ಅಂದರೆ 2.96.

ಒಂದೊಂದೇ ಕಾಯಿ ನೋಡಿದರೆ ಮಾತ್ರ ಚೌಕ ಸುಳ್ಳು ಅನ್ನಿಸುತ್ತದೆ. ಒಂದರಲ್ಲಿ ಆರಕ್ಕೆ ನಾಲ್ಕು ಸುಕ್ಕು, ಇನ್ನೊಂದರಲ್ಲಿ ಏಳೂ ಗುಂಡು. ಚೌಕಾಬಾರದ ಕವಡೆ ಇದ್ದ ಹಾಗೆ, ಪ್ರತಿ ಕಾಳಿಗೂ ಹೊಸ ಆಟ. ಏಳು ಕಾಳಿನ ನೂರು ಕಾಯಿ ಬಿಡಿಸಿದರೆ ಸುಮಾರು 13ರಲ್ಲಿ ಸುಕ್ಕೇ ಇರುವುದಿಲ್ಲ.

ಈ ಚಳಿಗಾಲ

ಈಗಿನ ಪ್ರಶ್ನೆ: ಆ 128 ಗುಂಡು ಕಾಳಿನಲ್ಲಿ RR ಯಾವುದು, Rr ಯಾವುದು? ಕಣ್ಣಿಗೆ ಎರಡೂ ಒಂದೇ. ಚೌಕದ ಪ್ರಕಾರ ಮೂರು ಗುಂಡಿನಲ್ಲಿ ಎರಡು Rr ಇರಬೇಕು. ಹನ್ನೆರಡು ಕಾಳು ಬಿತ್ತಿದ್ದೇನೆ, ಹಾಗಾಗಿ ಸುಮಾರು ಎಂಟು.

ಒಂದು ಗಿಡದಲ್ಲಿ ಒಂದೇ ಒಂದು ಸುಕ್ಕು ಕಾಳು ಸಿಕ್ಕರೂ ಅದು Rr, ಅಲ್ಲಿಗೆ ತೀರ್ಮಾನ. ಎಲ್ಲಾ ಗುಂಡೇ ಬಂದರೆ ಎಷ್ಟು ಎಣಿಸಿದ ಮೇಲೆ RR ಅನ್ನಬಹುದು? ಹತ್ತೇ ಕಾಳು ನೋಡಿದರೆ, Rr ಗಿಡವೂ ನೂರರಲ್ಲಿ ಐದಾರು ಸಲ ಎಲ್ಲಾ ಗುಂಡು ಕೊಟ್ಟು ಮೋಸ ಮಾಡುತ್ತದೆ. ಇಪ್ಪತ್ತು ನೋಡಿದರೆ ಸಾವಿರಕ್ಕೆ ಮೂರು ಸಲ. ಗಿಡಕ್ಕೆ ಇಪ್ಪತ್ತು ಅಂತ ಇಟ್ಟುಕೊಂಡಿದ್ದೇನೆ.

ನಿನ್ನೆವರೆಗೆ ನಾಲ್ಕು ಗಿಡದ ಕಾಯಿ ಒಣಗಿವೆ. ಮೂರರಲ್ಲಿ ಸುಕ್ಕು ಸಿಕ್ಕಿದೆ. ನಾಲ್ಕನೆಯದರಲ್ಲಿ 16 ಕಾಳು, ಎಲ್ಲಾ ಗುಂಡು. ಗಿಡದಲ್ಲಿ ಇನ್ನೊಂದೇ ಕಾಯಿ ಉಳಿದಿದೆ, ಅದಕ್ಕೂ ಕೆಂಪು ದಾರ ಕಟ್ಟಿ ಬಂದಿದ್ದೇನೆ.