ನೂರು ಗ್ರಾಂ ಸುಣ್ಣದ ಹೊಣೆ

“ವಕೀಲರೇ, ಈ ಎಐ ಹೇಳಿದ ಹಾಗೆ ಮಾಡಿ ದುಡ್ಡೋ ಆರೋಗ್ಯವೋ ಹಾಳಾದರೆ ಕೇಸು ಯಾರ ಮೇಲೆ ಹಾಕುವುದು?”

ಯಂತ್ರದ ಮೇಲಂತೂ ಹಾಕಲಾಗುವುದಿಲ್ಲ. ನಮ್ಮ ಕಾನೂನಿನ ಕಣ್ಣಿನಲ್ಲಿ ಅದು ವ್ಯಕ್ತಿಯಲ್ಲ, ಅದಕ್ಕೆ ಆಸ್ತಿಯಿಲ್ಲ, ನೋಟಿಸು ಕಳಿಸಲು ವಿಳಾಸವೂ ಇಲ್ಲ. ಆದ್ದರಿಂದ ಹೊಣೆ ಯಾವಾಗಲೂ ಯಂತ್ರದ ಹಿಂದಿರುವ ಮನುಷ್ಯರ ಅಥವಾ ಕಂಪನಿಯ ಕಡೆಗೇ ಹೋಗುತ್ತದೆ. ಆ ಸಾಲಿನಲ್ಲಿ ಹಲವರಿರುತ್ತಾರೆ. ನನ್ನ ಮಟ್ಟಿಗೆ ಮೊದಲು ಹಿಡಿಯಬೇಕಾದವರು, ಆ ಉತ್ತರವನ್ನು ತಮ್ಮ ಸೇವೆ ಎಂದು ನಿಮ್ಮ ಮುಂದಿಟ್ಟು, ಅದರಿಂದ ನೇರವಾಗಿಯೋ ಸುತ್ತು ಬಳಸಿಯೋ ಹಣ ಪಡೆದವರು.

ಇದಕ್ಕೆ ವಿರುದ್ಧವಾದ ವಾದವನ್ನು ಕೆನಡಾದ ಒಂದು ವಿಮಾನ ಸಂಸ್ಥೆ ಮಾಡಿ ನೋಡಿದೆ. ಅಜ್ಜಿ ತೀರಿಕೊಂಡಾಗ ಟಿಕೆಟ್ಟು ತೆಗೆಸಿದ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾದ ಜಾಲತಾಣದ ಚಾಟ್‌ಬಾಟ್, ಸಾವಿನ ಸಂದರ್ಭದ ರಿಯಾಯಿತಿಗೆ ಟಿಕೆಟ್ಟು ಕೊಟ್ಟ 90 ದಿನಗಳೊಳಗೆ ಪ್ರಯಾಣದ ನಂತರವೂ ಅರ್ಜಿ ಹಾಕಬಹುದೆಂದು ಹೇಳಿತ್ತು. ಸಂಸ್ಥೆಯ ನಿಜವಾದ ನಿಯಮ ಹಾಗಿರಲಿಲ್ಲ. ಚಾಟ್‌ಬಾಟ್ ಪ್ರತ್ಯೇಕ ಅಸ್ತಿತ್ವವುಳ್ಳದ್ದು, ಅದರ ಮಾತಿಗೆ ಅದೇ ಹೊಣೆ ಎಂಬರ್ಥದ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಜಾಲತಾಣದ ಬೇರೆ ಪುಟಗಳಂತೆಯೇ ಚಾಟ್‌ಬಾಟ್ ಕೂಡ ಸಂಸ್ಥೆಯದ್ದೇ ಮಾತು, ಅದು ಸರಿಯಿರುವಂತೆ ನೋಡಿಕೊಳ್ಳುವಷ್ಟು ಎಚ್ಚರವನ್ನು ಸಂಸ್ಥೆ ವಹಿಸಲಿಲ್ಲ ಎಂದು ಹೇಳಿ, ಪರಿಹಾರ, ಬಡ್ಡಿ ಮತ್ತು ಶುಲ್ಕ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಇಲ್ಲಿ ಅಂಥದೇ ವಾದ ಬಂದರೆ ಅದಕ್ಕೆ ಹೆಚ್ಚಿನ ಮರ್ಯಾದೆ ಸಿಕ್ಕೀತೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ಶಿರಸಿಯ ನನ್ನ ಕಚೇರಿಗೆ ಕಳೆದ ಮಳೆಗಾಲದಲ್ಲಿ ಒಬ್ಬ ಯುವಕರು ಬಂದಿದ್ದರು. ಬೆಂಗಳೂರಿನ ಕೆಲಸ ಬಿಟ್ಟು ಬಂದು ತಂದೆಯ ಅಡಿಕೆ ತೋಟವನ್ನು ನೋಡಿಕೊಳ್ಳಲು ಶುರುಮಾಡಿ ಒಂದೇ ವರ್ಷವಾಗಿತ್ತು. ಗೊಬ್ಬರ ಮತ್ತು ಔಷಧಿ ಮಾರುವ ಒಂದು ಕಂಪನಿಯ ಆ್ಯಪಿಗೆ ವರ್ಷಕ್ಕೆ 499 ರೂಪಾಯಿ ಚಂದಾ ಕಟ್ಟಿದ್ದರು. ತಾಮ್ರದ ಲವಣವಾದ ಮೈಲುತುತ್ತನ್ನೂ ಅದರಲ್ಲೇ ತರಿಸಿದ್ದರು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಪ್ರಮಾಣವನ್ನು ಅದರ ‘ತಜ್ಞರ ಸಲಹೆ’ ಎಂಬ ಗುಂಡಿಯೊತ್ತಿ ಅಲ್ಲಿನ ಎಐ ಚಾಟ್‌ಬಾಟನ್ನು ಕೇಳಿದಾಗ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 100 ಗ್ರಾಂ ಸುಣ್ಣ ಎಂಬ ಉತ್ತರ ಬಂತು. ಸುಣ್ಣವೂ 1 ಕಿಲೋ ಇರಬೇಕೆಂಬುದು ಇಲ್ಲಿನ ಬೆಳೆಗಾರರಿಗೆಲ್ಲ ಗೊತ್ತಿರುವ ಲೆಕ್ಕ. ಸುಣ್ಣ ಕಡಿಮೆಯಾದರೆ ದ್ರಾವಣ ಆಮ್ಲೀಯವಾಗಿ ಉಳಿದು, ಕರಗಿದ ತಾಮ್ರ ಎಳೆ ಕಾಯಿಗಳನ್ನು ಸುಡುತ್ತದೆ. ಹಳಬರು ಸಿಂಪಡಿಸುವ ಮುನ್ನ ಉಜ್ಜಿ ಹೊಳಪು ಬರಿಸಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅದರ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರು ಹಾಕುತ್ತಾರೆ. ಇವರಿಗೆ ಆ ಕ್ರಮ ಗೊತ್ತಿರಲಿಲ್ಲ, ಆ್ಯಪು ಹೇಳಿಯೂ ಇರಲಿಲ್ಲ. ಕೊನೆಗೌಡರು ಮರ ಹತ್ತಿ ಹೊಡೆದು ಹೋದ ಮೇಲೆ ಕಾಯಿ ಉದುರತೊಡಗಿತು. “ಪರದೆಯ ಮೇಲೆ ಬಂದದ್ದನ್ನೇ ನಾನು ಮಾಡಿದ್ದು ವಕೀಲರೇ, ಒಂದು ಗ್ರಾಂ ಆಚೀಚೆ ಇಲ್ಲ” ಎಂದರು. ಆ ಮಾತೇ ಅವರ ಪ್ರಕರಣದ ಬಲವೂ ಹೌದು, ದೌರ್ಬಲ್ಯವೂ ಹೌದು.

ಮೊದಲು ಬಲದ ಕಡೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಹಣ ಕೊಟ್ಟು ಸೇವೆ ಪಡೆದವನು ಗ್ರಾಹಕ, ಸೇವೆಯ ಗುಣಮಟ್ಟದಲ್ಲಿ ಇರುವ ಕೊರತೆ ಅಥವಾ ನಿರ್ಲಕ್ಷ್ಯ ಸೇವಾ ನ್ಯೂನತೆ. ಬೆಳೆ ಮಾರುವವನು ವ್ಯಾಪಾರಿ, ಅವನು ಗ್ರಾಹಕನಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಆದರೆ ಬಿತ್ತನೆ ಬೀಜದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2012ರಲ್ಲೇ ರೈತರು ಗ್ರಾಹಕ ವೇದಿಕೆಗೆ ಹೋಗಬಹುದೆಂದು ಹೇಳಿದೆ, ಜೀವನೋಪಾಯಕ್ಕಾಗಿ ಸ್ವಂತ ದುಡಿಮೆಯಲ್ಲಿ ಬಳಸುವವರನ್ನು ಕಾಯಿದೆಯೂ ಹೊರಗಿಟ್ಟಿಲ್ಲ. ಚಂದಾ ಕಟ್ಟಿದ ಕಾರಣ ‘ಇದು ಪುಕ್ಕಟೆ ಸೇವೆ’ ಎಂದು ಕಂಪನಿ ಹೇಳುವಂತಿಲ್ಲ. ‘ಉತ್ತರ ಕೊಟ್ಟ ಎಐ ಮಾದರಿ ನಮ್ಮದಲ್ಲ, ವಿದೇಶದ ಕಂಪನಿಯದ್ದು’ ಎಂದರೂ ಅದು ಆ ಇಬ್ಬರ ನಡುವಿನ ಒಪ್ಪಂದದ ಜಗಳ. ಹೋಟೆಲಿನ ಊಟದಲ್ಲಿ ಹುಳ ಬಂದರೆ ನಾವು ತರಕಾರಿ ಬೆಳೆದವನನ್ನು ಹುಡುಕಿಕೊಂಡು ಹೋಗುವುದಿಲ್ಲ. ಆ್ಯಪಿನ ಕಂಪನಿ ಬೇಕಾದರೆ ಆಮೇಲೆ ಆ ಕಡೆಯಿಂದ ವಸೂಲು ಮಾಡಿಕೊಳ್ಳಲಿ.

ಇದೇ ಯುವಕರು ದುಡ್ಡು ಕೊಡದೆ ಒಂದು ಸಾಮಾನ್ಯ ಚಾಟ್‌ಬಾಟನ್ನು ಕೇಳಿದ್ದರೆ ದಾರಿ ಬಹಳ ಕಿರಿದಾಗುತ್ತಿತ್ತು. ಪೂರ್ತಿ ಉಚಿತವಾಗಿ ಕೊಟ್ಟ ಸೇವೆ ಕಾಯಿದೆಯ ವ್ಯಾಖ್ಯೆಯ ಹೊರಗಿದೆ. ಅಲ್ಲಿಯೂ ಒಂದು ಎಳೆ ಇದೆ. ಕೆಲವರಿಗೆ ಹಣಕ್ಕೆ, ಕೆಲವರಿಗೆ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ಉಚಿತ ರೋಗಿಗಳೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟು 1995ರಲ್ಲಿ ವೈದ್ಯಕೀಯ ಸಂಘದ ಪ್ರಕರಣದಲ್ಲಿ ಹೇಳಿತ್ತು. ಒಂದೇ ಚಾಟ್‌ಬಾಟ್ ಕೆಲವರಿಗೆ ಚಂದಾಕ್ಕೆ, ಉಳಿದವರಿಗೆ ಬಿಟ್ಟಿಯಾಗಿ ಸಿಗುವಾಗ ಆ ತರ್ಕವನ್ನು ಇಲ್ಲಿಗೂ ಎಳೆಯಬಹುದು. ಅದರ ಮೇಲೆ ಮನೆ ಕಟ್ಟಿ ಎಂದು ನಾನು ಯಾವ ಕಕ್ಷಿದಾರರಿಗೂ ಹೇಳಲಾರೆ, ಆದರೆ ವಾದಿಸಲು ಹಿಂಜರಿಯುವುದೂ ಇಲ್ಲ. ಉಳಿದದ್ದು ಸಿವಿಲ್ ನ್ಯಾಯಾಲಯದಲ್ಲಿ ನಿರ್ಲಕ್ಷ್ಯದ ದಾವೆ. ಅಲ್ಲಿ ಶುಲ್ಕವೂ ಹೆಚ್ಚು, ವರ್ಷಗಳೂ ಹೆಚ್ಚು.

ಈಗ ದೌರ್ಬಲ್ಯ. ಎದುರು ಪಕ್ಷದ ವಕೀಲರು ಮೊದಲು ತೋರಿಸುವುದು ಪರದೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಸಾಲನ್ನು: ಇದರಲ್ಲಿ ತಪ್ಪಿರಬಹುದು, ತಜ್ಞರನ್ನು ಕೇಳಿ ಮುಂದುವರಿಯಿರಿ. ಆ ಸಾಲಿಗೆ ಬೆಲೆಯೇ ಇಲ್ಲ ಎನ್ನುವವರನ್ನು ನಂಬಬೇಡಿ. ಸಾಮಾನ್ಯ ಚಾಟ್‌ಬಾಟಿನಲ್ಲಿ ಅದು ಎದ್ದು ಕಾಣುವಂತಿದ್ದರೆ, ಬಳಕೆದಾರ ಇಷ್ಟರಮಟ್ಟಿಗೆ ನಂಬಿದ್ದು ಸಮಂಜಸವಲ್ಲ ಎಂಬ ವಾದಕ್ಕೆ ಅದು ಆಧಾರವಾಗುತ್ತದೆ. ಆದರೆ ಮೇಲೆ ದಪ್ಪಕ್ಷರದಲ್ಲಿ ‘ತಜ್ಞರ ಸಲಹೆ’ ಎಂದು ಬರೆದು, ಕೆಳಗೆ ‘ತಜ್ಞರನ್ನು ಕೇಳಿ’ ಎನ್ನುವವರ ಸ್ಥಿತಿ ಬೇರೆ. ಒಂದೇ ಪರದೆಯಲ್ಲಿ ಎರಡು ಮಾತಾಡಿದ್ದನ್ನು ಗ್ರಾಹಕ ಆಯೋಗದ ಮುಂದಿಟ್ಟರೆ ಅದೇ ದೂರಿನ ಅತ್ಯುತ್ತಮ ದಾಖಲೆ. ‘ಯಾವುದೇ ನಷ್ಟಕ್ಕೆ ನಾವು ಹೊಣೆಯಲ್ಲ’ ಎಂಬ ಷರತ್ತನ್ನು ಅನ್ಯಾಯದ ಒಪ್ಪಂದವೆಂದು ರದ್ದುಮಾಡಿಸಬೇಕಾದರೆ ಜಿಲ್ಲಾ ಆಯೋಗಕ್ಕಲ್ಲ, ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆ. ಮಧ್ಯಸ್ಥಿಕೆಯ ಷರತ್ತು ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ: ‘ಅಕ್ಕಪಕ್ಕದ ಯಾವ ಬೆಳೆಗಾರನನ್ನು ಕೇಳಿದ್ದರೂ ಹೇಳುತ್ತಿದ್ದರಲ್ಲ?’ ನಲವತ್ತು ವರ್ಷ ತೋಟ ಮಾಡಿದ ಅವರ ತಂದೆಯೇ ದ್ರಾವಣ ಕಲಸಿದ್ದರೆ ಈ ಪ್ರಶ್ನೆಗೆ ಉತ್ತರವಿರುತ್ತಿರಲಿಲ್ಲ. ಅನುಭವವಿಲ್ಲದವರಿಗಾಗಿಯೇ ಸಲಹೆ ಮಾರುವ ಕಂಪನಿ, ಅನುಭವಸ್ಥರನ್ನು ಕೇಳಲಿಲ್ಲವೇಕೆ ಎಂದು ಬೈಯುವುದು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಆದರೂ ಪರಿಹಾರದ ಮೊತ್ತದಲ್ಲಿ ಒಂದಿಷ್ಟು ಕಡಿತವಾಗುವ ಸಾಧ್ಯತೆಯನ್ನು ನಾನು ಅವರಿಗೆ ಮೊದಲೇ ಹೇಳಿದೆ.

ಮೂರನೆಯದು ಕಾರಣದ ಸಾಬೀತು. ಕೊಳೆ ರೋಗದಿಂದಲೂ ಕಾಯಿ ಉದುರುತ್ತದೆ. ರೋಗದ ಕಾಯಿಯ ಮೇಲೆ ನೀರು ಹಿಡಿದಂಥ ಕಡು ಹಸಿರು ಕಲೆ, ಆಮೇಲೆ ಬಿಳಿ ಬೂಸ್ಟು ಕಾಣುತ್ತದೆ. ಔಷಧಿ ಸುಟ್ಟ ಕಾಯಿಯಲ್ಲಿ ದ್ರಾವಣ ತಾಗಿದ ಕಡೆ ಸುಟ್ಟ ಗಾಯ ಇರುತ್ತದೆ. ವಾರ ಕಳೆದು, ಮಳೆ ಬಿದ್ದು, ಉದುರಿದ ಕಾಯಿ ಕೊಳೆತರೆ ಎರಡೂ ಒಂದೇ. ಈ ಯುವಕರು ಬರುವಷ್ಟರಲ್ಲಿ ಹನ್ನೊಂದು ದಿನ ಕಳೆದಿತ್ತು, ಉದುರಿದ್ದನ್ನು ಹೆಕ್ಕಿ ಗೊಬ್ಬರದ ಗುಂಡಿಗೆ ಹಾಕಿಯೂ ಆಗಿತ್ತು. ಪುಣ್ಯಕ್ಕೆ ಡ್ರಮ್ಮಿನ ತಳದಲ್ಲಿ ಒಂದಿಷ್ಟು ದ್ರಾವಣ ಉಳಿದಿತ್ತು. ಅದನ್ನು ಸಾಕ್ಷಿಗಳ ಎದುರು ಬಾಟಲಿಗೆ ತುಂಬಿ ಮೊಹರು ಮಾಡಿಸಿದೆವು, ತೋಟಗಾರಿಕೆ ಇಲಾಖೆಯ ಅಧಿಕಾರಿಗೆ ಸ್ಥಳ ಪರಿಶೀಲನೆಗೆ ಅರ್ಜಿ ಕೊಟ್ಟೆವು. ಪ್ರಯೋಗಾಲಯದ ವರದಿ ತರಿಸುವ ಅಧಿಕಾರ ಆಯೋಗಕ್ಕಿದೆ, ಆದರೆ ಕಳಿಸಲು ಏನಾದರೂ ಉಳಿದಿರಬೇಕಲ್ಲ.

ಸಂಭಾಷಣೆಯ ದಾಖಲೆಯೂ ಹಾಗೆಯೇ. ಅದೇ ಪ್ರಶ್ನೆಯನ್ನು ಮರುದಿನ ಕೇಳಿದರೆ ಚಾಟ್‌ಬಾಟ್ ಸರಿಯಾದ ಪ್ರಮಾಣ ಹೇಳಬಹುದು, ಆಗ ಕಂಪನಿ ‘ನಮ್ಮದು ಸರಿಯಾಗಿಯೇ ಇದೆ’ ಎನ್ನುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆ, ಅದರ ಉತ್ತರ, ದಿನಾಂಕ, ಕೆಳಗಿನ ಸಣ್ಣಕ್ಷರ ಎಲ್ಲವೂ ಕಾಣುವಂತೆ ಇಡೀ ಸಂಭಾಷಣೆಯನ್ನು ಉಳಿಸಿ, ಮೂಲ ಫೋನನ್ನೂ ಹಾಗೆಯೇ ಇಟ್ಟುಕೊಳ್ಳಬೇಕು. ಇಂಥ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಲು ಬೇಕಾದ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನು ವಕೀಲರು ಸಿದ್ಧಪಡಿಸುತ್ತಾರೆ.

ತಂತ್ರಾಂಶವನ್ನೇ ದೋಷಪೂರಿತ ಉತ್ಪನ್ನವೆಂದು ಕರೆದು, ನಿರ್ಲಕ್ಷ್ಯವನ್ನು ಸಾಬೀತು ಮಾಡದೆಯೇ ಪರಿಹಾರ ಕೇಳಬಹುದೇ ಎಂದು ಓದಿದವರು ಕೇಳುತ್ತಾರೆ. ಯುರೋಪಿನ 2024ರ ಹೊಸ ನಿರ್ದೇಶನ ತಂತ್ರಾಂಶವನ್ನು ಸ್ಪಷ್ಟವಾಗಿ ಉತ್ಪನ್ನವೆಂದಿದೆ. ನಮ್ಮ ಕಾಯಿದೆಯ ವ್ಯಾಖ್ಯೆ ಘನ, ದ್ರವ, ಅನಿಲ ಎಂದು ಮಾತಾಡುತ್ತದೆ. ಚಾಟ್‌ಬಾಟಿನ ಮಾತನ್ನು ಆ ಮೂರರಲ್ಲಿ ಎಲ್ಲಿ ಕೂರಿಸುವುದು? ಅದಕ್ಕಾಗಿಯೇ ನಾನು ಸೇವಾ ನ್ಯೂನತೆಯ ದಾರಿಯನ್ನೇ ಹಿಡಿಯುತ್ತೇನೆ.

ನಡುವೆ ಪರವಾನಗಿ ಪಡೆದ ಮನುಷ್ಯರಿದ್ದರೆ ವಿಷಯ ಸರಳ. ಎಐ ಬಳಸಿ ಸಲಹೆ ಕೊಡುವ ನೋಂದಾಯಿತ ಹೂಡಿಕೆ ಸಲಹೆಗಾರ, ಆ ಸಲಹೆಗೆ ತಾನೊಬ್ಬನೇ ಹೊಣೆ ಎಂಬುದನ್ನು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಡಿಸೆಂಬರಿನ ತಿದ್ದುಪಡಿಯಲ್ಲೇ ಬರೆದಿದೆ. ವೈದ್ಯರ ಮಟ್ಟಿಗೂ ಅಷ್ಟೇ: ಔಷಧಿ ಚೀಟಿಗೆ ಸಹಿ ಯಾರದ್ದೋ ಹೊಣೆ ಅವರದ್ದು. ಅದೇ ಚಾಟ್‌ಬಾಟನ್ನು ನೀವೇ ಕೇಳಿ, ನೀವೇ ಮಾತ್ರೆ ನುಂಗಿದರೆ ನಡುವಿನ ಆ ಹೆಗಲು ಇರುವುದಿಲ್ಲ.

ದೂರಿಗೆ ಎರಡು ವರ್ಷದ ಅವಧಿಯಿದೆ. ನೀವು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಜಿಲ್ಲಾ ಆಯೋಗದ ವ್ಯಾಪ್ತಿ ತೀರ್ಮಾನವಾಗುವುದು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಹಣದ ಮೇಲೆ. 499 ರೂಪಾಯಿಯ ಚಂದಾಕ್ಕೆ ಶುಲ್ಕವೂ ಇಲ್ಲ. ಆ ಯುವಕರ ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಿದ್ದೇವೆ. ಮುಂದಿನ ವಿಚಾರಣೆಗೆ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗುವಾಗ ಆ ಮೊಹರಿನ ಬಾಟಲಿಯನ್ನು ಒಡೆಯದಂತೆ ಒಯ್ಯುವುದೇ ಸದ್ಯಕ್ಕೆ ನನ್ನ ದೊಡ್ಡ ಚಿಂತೆ.