ಪುಟ್ಟಿ ಉಸಿರಿನ ಲೆಕ್ಕ: ಐದನೇ ತಿಂಗಳ ಅಪ್‌ಡೇಟ್

ಎರಡು ತಿಂಗಳಿಂದ ಏನೂ ಬರೆದಿರ್ಲಿಲ್ಲ, ಈ ಸಲ ಸ್ವಲ್ಪ ಉದ್ದ ಆಗುತ್ತೆ. ಹೊಸದಾಗಿ ಓದೋರಿಗೆ, ಪುಟ್ಟಿ ನಮ್ಮನೆ ಬಿಳಿ ಸ್ಪಿಟ್ಜ್, 11 ವರ್ಷ, 9 ಕೆಜಿ. ಹಾರ್ಟಿನ ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ಮಧ್ಯೆ ಇರೋ ಮೈಟ್ರಲ್ ವಾಲ್ವ್ ವಯಸ್ಸಾಗ್ತಾ ದಪ್ಪ ಆಗಿ ಸರಿಯಾಗಿ ಮುಚ್ಕೊಳ್ತಿಲ್ಲ, ಪ್ರತಿ ಬಡಿತಕ್ಕೂ ಒಂದಿಷ್ಟು ರಕ್ತ ವಾಪಸ್ ಮೇಲಕ್ಕೆ ನುಗ್ಗುತ್ತೆ, ಸ್ಟೆತಸ್ಕೋಪಲ್ಲಿ ಕೇಳೋ ಮರ್ಮರ್ ಅಂದ್ರೆ ಅದೇ ಶಬ್ದ. ಇವಳದ್ದು 6ಕ್ಕೆ 4ನೇ ಗ್ರೇಡು.

ಫೆಬ್ರವರಿ, ಶುರು ಆಗಿದ್ದು
ರಾತ್ರಿ ಒಂದು ಗಂಟೆ ಎರಡು ಗಂಟೆಗೆ ಎದ್ದು ಗೊರ್ ಗೊರ್ ಅಂತ ಕೆಮ್ಮೋಳು, ಕೊನೇಲಿ ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಓಕರಿಸೋಳು. ಮೊದ್ಲು ಹೋದ ಕ್ಲಿನಿಕ್ಕಲ್ಲಿ ಗಂಟಲು ಇನ್ಫೆಕ್ಷನ್ ಅಂತ ಆಂಟಿಬಯಾಟಿಕ್ ಕೊಟ್ರು, ಹತ್ತು ದಿನ ಆದ್ರೂ ಏನೂ ಬದಲಾಗ್ಲಿಲ್ಲ. ಎರಡನೇ ಡಾಕ್ಟ್ರು ಎದೆ ಎಕ್ಸ್‌ರೇ, ಹಾರ್ಟಿನ ಸ್ಕ್ಯಾನ್ ಅಂದ್ರೆ ಎಕೋ, ಎರಡೂ ಮಾಡಿಸಿದ್ರು. ಹಾರ್ಟ್ ದೊಡ್ಡದಾಗಿತ್ತು, ಆದ್ರೆ ಶ್ವಾಸಕೋಶ ಕ್ಲಿಯರ್.

ನನಗೆ ಅರ್ಥ ಆಗೋಕೆ ಟೈಮ್ ಹಿಡಿದಿದ್ದು ಇಲ್ಲೇ. ಕೆಮ್ಮು ಅಂದ್ರೆ ಎದೇಲಿ ನೀರು ತುಂಬಿದೆ ಅಂತಾನೇ ಅಲ್ಲ. ಊದಿಕೊಂಡ ಎಡಗಡೆ ಮೇಲಿನ ಕೋಣೆ ಅದರ ಮೇಲೇ ಇರೋ ಶ್ವಾಸನಾಳದ ಕವಲನ್ನ ಒತ್ತುತ್ತೆ, ಸಣ್ಣ ಜಾತಿ ನಾಯಿಗಳಲ್ಲಿ ವಯಸ್ಸಾದ್ಮೇಲೆ ಆ ನಾಳಾನೂ ಮೆತ್ತಗಾಗಿರುತ್ತೆ, ಅದಕ್ಕೇ ಕೆಮ್ಮು ಬರುತ್ತೆ. ಲಾಸಿಕ್ಸ್ ತೆಗೆಯೋದು ನೀರನ್ನ, ಇಲ್ಲಿ ನೀರೇ ಇಲ್ಲ, ಸುಮ್ನೆ ಕಿಡ್ನಿಗೆ ಭಾರ ಅಂತ ಡಾಕ್ಟ್ರು ಅದನ್ನ ಕೊಡ್ಲಿಲ್ಲ. ಹಾರ್ಟ್ ಬಲವಾಗಿ ಬಡಿಯೋಕೆ ಸಹಾಯ ಮಾಡೋ ಪಿಮೊಬೆಂಡಾನ್ ಮಾತ್ರ ಬರೆದ್ರು, 5 ಎಂಜಿ ಮಾತ್ರೆಲಿ ಅರ್ಧ, ದಿನಕ್ಕೆ ಎರಡು ಸಲ, ಊಟಕ್ಕೆ ಒಂದು ಗಂಟೆ ಮುಂಚೆ ಖಾಲಿ ಹೊಟ್ಟೇಲಿ. ಹಾರ್ಟ್ ದೊಡ್ಡದಾಗಿ ಇನ್ನೂ ನೀರು ತುಂಬದೇ ಇರೋ ಈ ಹಂತದಲ್ಲಿ ಇದನ್ನ ಶುರು ಮಾಡಿದ್ರೆ ನೀರು ತುಂಬೋ ದಿನ ಸರಾಸರಿ ಒಂದು ವರ್ಷಕ್ಕಿಂತ ಹೆಚ್ಚು ಮುಂದಕ್ಕೆ ಹೋಗುತ್ತೆ ಅಂತ 2016ರ ಎಪಿಕ್ ಸ್ಟಡಿಲಿ ಗೊತ್ತಾಗಿದೆ. ಇವಳ ಪಾಲಿಗೆ ಅಷ್ಟು ಸಿಗ್ಲಿಲ್ಲ. ಕತ್ತಿನ ಬೆಲ್ಟ್ ತೆಗೆದು ಎದೆಗೆ ಹಾಕೋ ಹಾರ್ನೆಸ್ ತಂದ್ವಿ, ಅದ್ರಿಂದ ಹಗಲಿನ ಕೆಮ್ಮು ಚೆನ್ನಾಗೇ ಇಳೀತು.

ಜೊತೆಗೆ ಡಾಕ್ಟ್ರು ಒಂದು ಕೆಲಸ ಕೊಟ್ರು, ದಿನಾ ನಿದ್ದೆ ಉಸಿರು ಎಣಿಸೋದು. ಗಾಢ ನಿದ್ದೇಲಿರಬೇಕು, ಕನಸಲ್ಲಿ ಕಾಲು ಆಡಿಸ್ತಿದ್ರೆ ಆ ಲೆಕ್ಕ ಬೇಡ, ಸೆಕೆಯಲ್ಲಿ ನಾಲಿಗೆ ಚಾಚಿ ಏದುಸಿರು ಬಿಡ್ತಿದ್ರೂ ಬೇಡ. ಎದೆ ಮೇಲೆ ಹೋಗಿ ಕೆಳಗೆ ಬಂದ್ರೆ ಒಂದು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸೋದು. ನಮ್ಮ ನೋಟ್‌ಬುಕ್ಕಲ್ಲಿ ಮಾರ್ಚಿಂದ ಜೂನ್ ಮೊದಲ ವಾರದವರೆಗೂ 18, 20, 22, ಇಷ್ಟೇ.

ಜೂನ್ 14ರಿಂದ 20
14ಕ್ಕೆ 24. 17ಕ್ಕೆ 28, ಸೆಕೆ ಇರಬಹುದು ಅಂದ್ಕೊಂಡು ಫ್ಯಾನ್ ಹಾಕಿ ಮತ್ತೆ ಎಣಿಸ್ದೆ, ಅಷ್ಟೇ ಬಂತು. 19ನೇ ತಾರೀಖು ರಾತ್ರಿ ಹನ್ನೊಂದಕ್ಕೆ 34, ಒಂದು ಗಂಟೆ ಬಿಟ್ಟು ನೋಡಿದ್ರೆ 36. ಆ ರಾತ್ರಿ ಅವಳು ಕೆಮ್ಮಿದ್ದು ಎರಡೇ ಸಲ, ಮಾಮೂಲಿಗಿಂತ ಕಡಿಮೆ! ಅಮ್ಮ "ಇವತ್ತು ಪರವಾಗಿಲ್ಲ ಕಣೋ, ಮಲಗಲಿ ಬಿಡು" ಅಂದ್ರು. ಬೆಳಗಿನ ಜಾವ ನಾಲ್ಕಕ್ಕೆ 44, ಮಲಗೋಕಾಗದೆ ಮುಂಗಾಲು ಅಗಲ ಮಾಡಿ ಕೂತಿದ್ಲು, ಹೊಟ್ಟೆ ಎಳೆದು ಎಳೆದು ಉಸಿರಾಡ್ತಿದ್ಲು. ನಿದ್ದೇಲಿ 30 ದಾಟಿ ಹಾಗೇ ನಿಂತ್ರೆ ತಕ್ಷಣ ಫೋನ್ ಮಾಡಿ ಅಂತ ಹೇಳಿದ್ರು ಡಾಕ್ಟ್ರು, 34 ಬಂದಾಗ್ಲೇ ಮಾಡ್ಬೇಕಿತ್ತು, ಆ ಐದು ಗಂಟೆ ನನಗೆ ಇನ್ನೂ ಚುಚ್ಚುತ್ತೆ.

ಎಕ್ಸ್‌ರೇಲಿ ಹಾರ್ಟ್ ಹಿಂದೆ ಮಂಜು ಕವಿದ ಹಾಗೆ ಬಿಳಿ. ಈ ಸಲ ನಿಜವಾಗ್ಲೂ ನೀರು. ಆಕ್ಸಿಜನ್, ಲಾಸಿಕ್ಸ್ ಇಂಜೆಕ್ಷನ್, ಒಂದು ರಾತ್ರಿ ಅಲ್ಲೇ ಇಟ್ಕೊಂಡ್ರು.

ಈಗ
ಲಾಸಿಕ್ಸ್ 40 ಎಂಜಿ ಮಾತ್ರೆಲಿ ಅರ್ಧ, ದಿನಕ್ಕೆ ಎರಡು ಸಲ, ಅಂದ್ರೆ ಕೆಜಿಗೆ ಹೆಚ್ಚು ಕಮ್ಮಿ 2 ಎಂಜಿ, ಇದು ಪುಟ್ಟಿ ಲೆಕ್ಕ, ನಿಮ್ಮ ನಾಯಿದು ಬೇರೆ ಇರುತ್ತೆ. ಪಿಮೊಬೆಂಡಾನ್ ಹಾಗೇ ಮುಂದುವರಿದಿದೆ, ನೀರು ತೆಗೆಯೋ ಇನ್ನೊಂದು ಮಾತ್ರೆ ಸ್ಪೈರೊನೊಲ್ಯಾಕ್ಟೋನ್ ಸೇರಿದೆ. ಎರಡನೇ ಡೋಸನ್ನ ರಾತ್ರಿ ಹತ್ತಕ್ಕೆ ಕೊಡ್ತಿದ್ವಿ, ಪಾಪ ರಾತ್ರಿಯೆಲ್ಲಾ ಉಚ್ಚೆಗೆ ಎದ್ದು ಬಾಗಿಲು ಕೆರೆಯೋಳು, ಡಾಕ್ಟ್ರನ್ನ ಕೇಳಿ ಸಂಜೆ ಆರೂವರೆಗೆ ಬದಲಾಯಿಸಿದ್ಮೇಲೆ ಮಲಗೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ. ಉಚ್ಚೆ ಜಾಸ್ತಿ ಅಂತ ಅಮ್ಮ ನೀರಿನ ಬಟ್ಟಲು ಎತ್ತಿಡೋಕೆ ಹೋದ್ರು, ಅದನ್ನ ಮಾತ್ರ ಮಾಡಲೇಬಾರದು, ಲಾಸಿಕ್ಸ್ ತಗೊಳ್ಳೋ ನಾಯಿಗೆ ನೀರು ತಪ್ಪಿಸಿದ್ರೆ ಕಿಡ್ನಿ ಕೈಕೊಡುತ್ತೆ. ಹತ್ತು ದಿನಕ್ಕೆ ರಕ್ತ ಪರೀಕ್ಷೆ ಆಯ್ತು, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಸ್ವಲ್ಪ ಏರಿದೆ, ಪೊಟ್ಯಾಶಿಯಂ ಸರಿ ಇದೆ, ಡೋಸ್ ಬದಲಾಯಿಸಿಲ್ಲ. ಹಪ್ಪಳದ ಚೂರು ಪೂರ್ತಿ ನಿಲ್ಲಿಸಿದ್ವಿ, ಉಪ್ಪು ಅಂತ.

ಒತ್ತೋ ಕೆಮ್ಮು ಇನ್ನೂ ಇದೆ, ರಾತ್ರಿಗೆ ಮೂರ್ನಾಲ್ಕು ಸಲ, ಅದು ಪೂರ್ತಿ ಹೋಗಲ್ಲ ಅಂತ ಮೊದ್ಲೇ ಹೇಳಿದ್ರು. ಕಳೆದ ವಾರದ ಲೆಕ್ಕ 20, 22, 20, 24, 22, 20, 22. 24 ಬಂದ ದಿನ ಮಧ್ಯಾಹ್ನ ಎಣಿಸಿದ್ದು, ರಾತ್ರಿ ಮತ್ತೆ ನೋಡಿದ್ರೆ 20 ಇತ್ತು. ಮುಂದಿನ ರಕ್ತ ಪರೀಕ್ಷೆ ತಿಂಗಳ ಕೊನೆಗೆ, ಅದು ಬಂದ್ಮೇಲೆ ಬರೀತೀನಿ.